ಸೀಲಂಟ್: ಕಿಟಕಿ ಮತ್ತು ಸ್ನಾನಗೃಹದ ಸಂದುಗಳಲ್ಲಿ

ಕಿಟಕಿಯ ಚೌಕಟ್ಟಿಗೂ ಗೋಡೆಗೂ ನಡುವೆ, ವಾಶ್‌ಬೇಸಿನ್ನಿಗೂ ಟೈಲ್ಸಿಗೂ ನಡುವೆ ಉಳಿಯುವ ಸಂದನ್ನು ನೀರು ನುಗ್ಗದಂತೆ ಮುಚ್ಚುವ ರಬ್ಬರಿನಂಥ ವಸ್ತು. ವೈಟ್ ಸಿಮೆಂಟೂ ಪುಟ್ಟಿಯೂ ಸಂದನ್ನು ಮುಚ್ಚುತ್ತವೆ. ಆದರೆ ಅವು ಗಟ್ಟಿಯಾಗಿಬಿಡುವುದರಿಂದ ಅಕ್ಕಪಕ್ಕದ ಭಾಗಗಳು ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗಿದಾಗ ಬಿರಿಯುತ್ತವೆ. ಸೀಲಂಟ್ ಎರಡೂ ಬದಿಗೆ ಅಂಟಿಕೊಂಡೇ ಎಳೆತಕ್ಕೆ ಒಗ್ಗುತ್ತದೆ. ಮನೆಕೆಲಸದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಎರಡು ಬಗೆ: ಸಿಲಿಕೋನ್ ಮತ್ತು ಪಾಲಿಯುರೆಥೇನ್. ಎರಡನೆಯದನ್ನು ಕೆಲಸಗಾರರು ಪಿಯು ಎನ್ನುತ್ತಾರೆ. ಎರಡೂ ಸುಮಾರು 300 ಮಿ.ಲೀ. ಟ್ಯೂಬುಗಳಲ್ಲಿ ಸಿಗುತ್ತವೆ, ಗನ್ನಿನಿಂದ ಹಾಕಬೇಕು. ಗಾಳಿಯ ತೇವ ಹೀರಿ ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತವೆ. ಮೊದಲ ದಿನಕ್ಕೆ ಎರಡು ಮೂರು ಮಿಲಿಮೀಟರಿನಷ್ಟು ಆಳ ಎಂದು ಲೆಕ್ಕ ಹಿಡಿಯಬಹುದು.

ಆಯ್ಕೆಯನ್ನು ನಿರ್ಧರಿಸುವುದು ಬಿಸಿಲು ಮತ್ತು ಬಣ್ಣ. ಸಿಲಿಕೋನಿನ ಬೆನ್ನೆಲುಬು ಸಿಲಿಕಾನ್ ಹಾಗೂ ಆಮ್ಲಜನಕದ ಸರಪಳಿ. ಬಿಸಿಲಿನ ನೇರಳಾತೀತ ಕಿರಣ ಅದನ್ನು ಸುಲಭವಾಗಿ ಕಡಿಯಲಾರದು, ಹಾಗಾಗಿ ವರ್ಷಗಟ್ಟಲೆ ಬಿಸಿಲಲ್ಲಿದ್ದರೂ ಅದು ಮೆತ್ತಗೇ ಇರುತ್ತದೆ. ಪಿಯು ಹಾಗಲ್ಲ. ತೆರೆದ ಬಿಸಿಲಿನಲ್ಲಿ ಹಳದಿಗಟ್ಟುತ್ತದೆ, ಮೇಲ್ಮೈ ಪುಡಿಯಾಗುತ್ತದೆ, ಸಣ್ಣ ಬಿರುಕುಗಳ ಜಾಲ ಮೂಡುತ್ತದೆ. ಆದರೆ ರಂಧ್ರಗಳಿರುವ ಗಾರೆ, ಕಾಂಕ್ರೀಟ್, ಮರಗಳನ್ನು ಅದು ಚೆನ್ನಾಗಿ ಹಿಡಿಯುತ್ತದೆ, ಮೇಲೆ ಬಣ್ಣ ಬಳಿಯಲೂ ಬಿಡುತ್ತದೆ. ಸಿಲಿಕೋನಿನ ಮೇಲೆ ಗೋಡೆಯ ಬಣ್ಣ ನಿಲ್ಲುವುದಿಲ್ಲ, ಹನಿಹನಿಯಾಗಿ ಸರಿದುಕೊಳ್ಳುತ್ತದೆ.

ಹೀಗಾಗಿ ಗಾಜಿಗೂ ಚೌಕಟ್ಟಿಗೂ ನಡುವೆ ಪಿಯು ಹಾಕುವುದು ತಪ್ಪು: ಬೆಳಕು ಗಾಜನ್ನು ದಾಟಿ ನೇರವಾಗಿ ಅಂಟಿದ ಜಾಗಕ್ಕೇ ಬಡಿಯುತ್ತದೆ, ಹೊರಗೆ ಚೆನ್ನಾಗಿ ಕಾಣುತ್ತಿದ್ದರೂ ಹಿಡಿತ ಸಡಿಲವಾಗುತ್ತದೆ. ಅಲ್ಲಿ ಸಿಲಿಕೋನೇ ಬೇಕು. ಸದಾ ನೀರು, ಸಾಬೂನು, ಬಿಸಿನೀರಿನ ಹಬೆ ಇರುವ ಸ್ನಾನಗೃಹಕ್ಕೂ ಸಿಲಿಕೋನೇ. ಚೌಕಟ್ಟಿಗೂ ಗಾರೆಗೂ ನಡುವಿನ ಸಂದಿನಲ್ಲಿ ಮಾತ್ರ ಎರಡಕ್ಕೂ ಅವಕಾಶವಿದೆ. ಗೋಡೆಯ ಬಣ್ಣ ಸಂದಿನ ಮೇಲೂ ಬರುವುದಾದರೆ ಪಿಯು, ಸಂದು ಬಿಸಿಲಿಗೆ ತೆರೆದೇ ಇರುವುದಾದರೆ ಸಿಲಿಕೋನ್.

ಸಿಲಿಕೋನಿನಲ್ಲೂ ಎರಡು ಜಾತಿಯಿದೆ, ಅಂಗಡಿಯಲ್ಲಿ ಕೇಳದಿದ್ದರೆ ಸಾಮಾನ್ಯವಾಗಿ ಅಗ್ಗದ್ದೇ ಕೈಗೆ ಬರುತ್ತದೆ. ಗಟ್ಟಿಯಾಗುವಾಗ ವಿನೆಗರಿನ ಘಾಟು ಬರುವಂಥದ್ದು ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಗಾಜು ಮತ್ತು ಹೊಳಪಿನ ಸೆರಾಮಿಕ್‌ಗೆ ಅದು ಸಾಕು. ಆದರೆ ಆ ಆಮ್ಲ ಹಿತ್ತಾಳೆಯನ್ನೂ ಸತುವಿನ ಲೇಪವನ್ನೂ ಕನ್ನಡಿಯ ಹಿಂಬದಿಯ ಬೆಳ್ಳಿಯನ್ನೂ ತಿನ್ನುತ್ತದೆ. ಸಿಮೆಂಟು, ಅಮೃತಶಿಲೆಗಳ ಸುಣ್ಣದ ಅಂಶದೊಡನೆ ವರ್ತಿಸಿ ಹಿಡಿತವನ್ನೇ ಕೆಡಿಸುತ್ತದೆ. ಅಂಥ ಕಡೆ ನ್ಯೂಟ್ರಲ್ ಎಂದು ಬರೆದಿರುವುದನ್ನು ಕೇಳಿ ತರಬೇಕು. ಗ್ರಾನೈಟ್, ಅಮೃತಶಿಲೆಗಳಿಗೆ ನ್ಯೂಟ್ರಲ್ ಆಗಿದ್ದರಷ್ಟೇ ಸಾಲದು, ಕಲ್ಲಿಗೆ ಕಲೆ ಹಿಡಿಸದಂಥದ್ದೂ ಆಗಿರಬೇಕು. ಇಲ್ಲವಾದರೆ ಒಳಗಿನ ಎಣ್ಣೆಯಂಶ ಕಲ್ಲಿಗೆ ಇಳಿದು, ಸಂದಿನ ಉದ್ದಕ್ಕೂ ಒದ್ದೆಯಾದಂತೆ ಕಾಣುವ ಕಪ್ಪು ಅಂಚು ನಿಂತುಬಿಡುತ್ತದೆ; ಒರೆಸಿದರೆ ಹೋಗದು.

ಪಡುವಣಕ್ಕೆ ಮುಖ ಮಾಡಿದ, 1.5 ಮೀಟರ್ ಅಗಲ, 1.2 ಮೀಟರ್ ಎತ್ತರದ ಅಲ್ಯೂಮಿನಿಯಂ ಕಿಟಕಿಯೊಂದನ್ನು ತೆಗೆದುಕೊಳ್ಳೋಣ. ಮಂಗಳೂರಿನ ಮಳೆ ಹೊಡೆಯುವ ಗೋಡೆ ಎಂದಿಟ್ಟುಕೊಳ್ಳಿ. ಮೀಟರ್ ಉದ್ದದ ಅಲ್ಯೂಮಿನಿಯಂ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ 0.023 ಮಿ.ಮೀ. ಹಿಗ್ಗುತ್ತದೆ. ನಸುಕಿನ ತಂಪಿಗೂ ಮಧ್ಯಾಹ್ನ ಲೋಹ ಕಾದ ಬಿಸಿಗೂ 40 ಡಿಗ್ರಿ ಅಂತರವಿದ್ದರೆ ಚೌಕಟ್ಟು ಅಗಲದಲ್ಲಿ ಸುಮಾರು 1.4 ಮಿ.ಮೀ. ಬೆಳೆಯುತ್ತದೆ; ಎರಡು ಬದಿಗೆ ಹಂಚಿದರೆ ತಲಾ 0.7. ಸಂದಿನ ಅಗಲದ ಶೇ 25ರಷ್ಟು ಚಲನೆ ತಾಳುವ ಸೀಲಂಟನ್ನು 12 ಮಿ.ಮೀ. ಸಂದಿನಲ್ಲಿ ತುಂಬಿದ್ದರೆ ಅದು 3 ಮಿ.ಮೀ.ವರೆಗೆ ತಾಳಬಲ್ಲದು, ಚಿಂತೆಯಿಲ್ಲ. ಅದೇ ಸೀಲಂಟನ್ನು 2 ಮಿ.ಮೀ. ಬಿರುಕಿಗೆ ಸವರಿದ್ದರೆ ತಾಳುವುದು ಅರ್ಧ ಮಿಲಿಮೀಟರ್ ಮಾತ್ರ. ವಸ್ತು ಎಷ್ಟು ದುಬಾರಿಯಾಗಿದ್ದರೂ ಅದು ಹರಿಯಲೇಬೇಕು. ಯುಪಿವಿಸಿ ಚೌಕಟ್ಟು ಅಲ್ಯೂಮಿನಿಯಂಗಿಂತ ಎರಡು ಮೂರು ಪಟ್ಟು ಹೆಚ್ಚು ಹಿಗ್ಗುವುದರಿಂದ ಅಲ್ಲಿ ಕಿರಿದಾದ ಸಂದು ಇನ್ನೂ ಅಪಾಯ.

ಅಗಲದಷ್ಟೇ ಆಳದ ಲೆಕ್ಕವೂ ಬೇಕು. ಸೀಲಂಟಿನ ಆಳ ಅಗಲದ ಅರ್ಧದಷ್ಟಿರಬೇಕು, 6 ಮಿ.ಮೀ.ಗೆ ಕಡಿಮೆಯಾಗಬಾರದು. ಇದಕ್ಕಾಗಿ 12 ಮಿ.ಮೀ. ಸಂದಿನೊಳಗೆ 15 ಮಿ.ಮೀ. ದಪ್ಪದ ಫೋಮ್ ಹಗ್ಗವನ್ನು ಒತ್ತಿ ಕೂರಿಸುತ್ತಾರೆ. ಅದರ ನಿಜವಾದ ಉಪಯೋಗ ಸಾಮಗ್ರಿ ಉಳಿಸುವುದಲ್ಲ. ಸೀಲಂಟ್ ಎರಡು ಬದಿಗೆ ಮಾತ್ರ ಅಂಟಬೇಕು. ಹಿಂಬದಿಗೂ ಅಂಟಿಕೊಂಡರೆ ಹಿಗ್ಗಲು ಸ್ವಾತಂತ್ರ್ಯವಿಲ್ಲದೆ ನಡುವೆ ಸೀಳುತ್ತದೆ. ಫೋಮಿಗೆ ಅದು ಗಟ್ಟಿಯಾಗಿ ಅಂಟುವುದಿಲ್ಲ. ಈ ಕಿಟಕಿಯ ಸುತ್ತಳತೆ 5.4 ಮೀಟರ್, 12ಕ್ಕೆ 6ರಂತೆ ಮೀಟರಿಗೆ 72 ಮಿ.ಲೀ., ಒಟ್ಟು 390 ಮಿ.ಲೀ. ಹತ್ತಿರ. ಅಂದರೆ ಎರಡು ಟ್ಯೂಬು. ಒಂದೇ ಟ್ಯೂಬಿನಲ್ಲಿ ಮುಗಿಸಿಕೊಟ್ಟೆವೆಂದು ಯಾರಾದರೂ ಹೇಳಿದರೆ ಎಲ್ಲೋ ತೆಳುವಾಗಿದೆ ಎಂದೇ ಅರ್ಥ. ಸ್ಲೈಡಿಂಗ್ ಕಿಟಕಿಯ ಕೆಳಹಳಿಯಲ್ಲಿ ನೀರು ಹೊರಹೋಗಲು ಬಿಟ್ಟಿರುವ ಕಿಂಡಿಗಳನ್ನು ಉತ್ಸಾಹದಲ್ಲಿ ಮುಚ್ಚಿಬಿಡುವವರೂ ಇದ್ದಾರೆ. ಆಮೇಲೆ ಹಳಿ ತುಂಬಿ ನೀರು ಮನೆಯೊಳಕ್ಕೇ ಬರುತ್ತದೆ.

ಕೆಟ್ಟ ಸಂದುಗಳಲ್ಲಿ ಬಹುಪಾಲು ಕೆಡುವುದು ಸೀಲಂಟಿನಿಂದಲ್ಲ, ಅದರ ಕೆಳಗಿನ ಮೇಲ್ಮೈಯಿಂದ. ನಮ್ಮ ಕಡೆ ಗೋಡೆಗೆ ಪುಟ್ಟಿ ಎಳೆದು ಬಣ್ಣ ಬಳಿದ ಮೇಲೆ ಕಿಟಕಿಯವರು ಬರುವುದು ರೂಢಿ. ಸೀಲಂಟ್ ಪುಟ್ಟಿಗೆ ಭದ್ರವಾಗಿ ಅಂಟುತ್ತದೆ, ಪುಟ್ಟಿಯೇ ಗಾರೆಯಿಂದ ಹಪ್ಪಳದಂತೆ ಏಳುತ್ತದೆ. ಆದ್ದರಿಂದ ಸಂದಿನ ಬದಿಯನ್ನು ಗಟ್ಟಿ ಗಾರೆ ಕಾಣುವವರೆಗೆ ಕೆರೆದು, ಬ್ರಷ್ಷಿನಿಂದ ಉಜ್ಜಿ, ದೂಳು ಊದಿ ತೆಗೆಯಬೇಕು. ತಯಾರಕರು ಪ್ರೈಮರ್ ಹೇಳಿದ್ದರೆ ಬಳಿಯಬೇಕು. ಹೊಸ ಗಾರೆಯಾದರೆ ಸುಮಾರು 28 ದಿನ ಒಣಗಲಿ. ಚೌಕಟ್ಟಿನ ಕಡೆ, ಸಾಗಣೆಗೆಂದು ಅಂಟಿಸಿದ ರಕ್ಷಣಾ ಪ್ಲಾಸ್ಟಿಕ್ ಪೂರ್ತಿ ಬರಬೇಕು. ಬಳಿಕ ದ್ರಾವಕದಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಒರೆಸಬೇಕು. ಒಂದೇ ಬಟ್ಟೆಯಾದರೆ ಜಿಡ್ಡು ಕರಗಿ ಹರಡಿ ಅಲ್ಲೇ ಮತ್ತೆ ಕೂರುತ್ತದೆ. ಪಿಯು ಹಾಕುವಲ್ಲಿ ಸ್ಪಿರಿಟ್ಟಿನಂಥ ಆಲ್ಕೊಹಾಲ್ ಉಳಿದಿದ್ದರೆ ಅದು ಗಟ್ಟಿಯಾಗದೆ ಜಿಗುಟಾಗಿಯೇ ಇರುತ್ತದೆ. ಒದ್ದೆ ಗಾರೆಯ ಮೇಲೆ ಹಾಕಿದ ಪಿಯು ಇಂಗಾಲದ ಡೈಆಕ್ಸೈಡ್ ಬಿಟ್ಟು ಗುಳ್ಳೆಗಟ್ಟಬಹುದು. ಮಳೆಗಾಲದ ಬಿಡುವಿನಲ್ಲಿ ಅವಸರದಿಂದ ಮಾಡಿದ ಕೆಲಸದಲ್ಲಿ ಇದನ್ನು ನೋಡಬಹುದು.

ಸಂದಿಗೆ ಎರಡೂ ಕಡೆ ಮಾಸ್ಕಿಂಗ್ ಟೇಪ್ ಹಚ್ಚಿ, ಖಾಲಿ ಉಳಿಯದಂತೆ ತುಂಬಿ, ಕೂಡಲೇ ಒತ್ತಿ ಸವರಬೇಕು. ಕೆನೆಗಟ್ಟುವ ಮುಂಚೆ ಟೇಪ್ ಕೀಳಬೇಕು. ಸಾಬೂನು ನೀರಿನಲ್ಲಿ ಅದ್ದಿದ ಬೆರಳು ನುಣುಪು ಕೊಡುತ್ತದೆ ನಿಜ, ಆದರೆ ಆ ನೀರು ಇನ್ನೂ ತುಂಬದ ಸಂದಿಗೆ ಹರಿದರೆ ಅಲ್ಲಿ ಹಿಡಿತವಿಲ್ಲ. ಪೂರ್ತಿ ಗಟ್ಟಿಯಾದ ಮೇಲೆ ಮೂಲೆಯಲ್ಲಿ ಅಂಗುಲ ಉದ್ದ ಕೊಯ್ದು ಎಳೆದು ನೋಡಿದರೆ ಕೆಲಸದ ಗುಣ ತಿಳಿಯುತ್ತದೆ. ಸೀಲಂಟೇ ಹರಿದು ಬದಿಯಲ್ಲಿ ಚೂರು ಉಳಿದರೆ ಅಂಟು ಸರಿಯಿದೆ. ನುಣ್ಣಗೆ ಪಟ್ಟಿಯಾಗಿ ಎದ್ದುಬಂದರೆ ಮೇಲ್ಮೈ ಕೊಳಕಾಗಿತ್ತು. ಹಿಂದೆ ಬಿಳಿ ಪುಡಿ ಅಂಟಿಕೊಂಡಿದ್ದರೆ ತಪ್ಪು ಪುಟ್ಟಿಯದು.

ಸ್ನಾನಗೃಹದಲ್ಲಿ ಸಾಮಾನ್ಯ ಕೆಲಸ ಹಳೆಯದನ್ನು ಬದಲಿಸುವುದು. ಕಪ್ಪಾದ ಸಿಲಿಕೋನಿನ ಮೇಲೆಯೇ ಹೊಸದನ್ನು ಹಚ್ಚಿದರೆ ಅದು ಸರಿಯಾಗಿ ಹಿಡಿಯುವುದಿಲ್ಲ, ಪಿಯು ಅಂತೂ ಹಿಡಿಯುವುದೇ ಇಲ್ಲ. ಹಳೆಯದನ್ನು ಬ್ಲೇಡಿನಿಂದ ಕೊಯ್ದು, ಉಳಿದ ತೆಳು ಪೊರೆಯನ್ನು ಸಿಲಿಕೋನ್ ತೆಗೆಯುವ ದ್ರಾವಣದಿಂದ ಉಜ್ಜಿ, ಬೂಷ್ಟನ್ನು ತೊಳೆದು, ಒಂದು ದಿನವಾದರೂ ಒಣಗಲು ಬಿಡಬೇಕು. ಬಾತ್‌ಟಬ್ಬಿದ್ದರೆ ಮೊದಲು ನೀರು ತುಂಬಿಸಿ, ಆ ಭಾರಕ್ಕೆ ಅದು ಕುಸಿದ ಸ್ಥಿತಿಯಲ್ಲೇ ಸಂದು ತುಂಬಿ, ಗಟ್ಟಿಯಾದ ಮೇಲೆ ನೀರು ಬಿಡಬೇಕು. ಸ್ಯಾನಿಟರಿ ಎಂದು ಮಾರುವ ಸಿಲಿಕೋನಿನಲ್ಲಿ ಬೂಷ್ಟು ತಡೆಯುವ ಔಷಧವಿರುತ್ತದೆ. ನೀರು ತಾಕಿ ತಾಕಿ ಅದು ಕ್ರಮೇಣ ತೀರುತ್ತದೆ, ಸಾಬೂನಿನ ಜಿಡ್ಡು ಕೂತಲ್ಲೆಲ್ಲ ಬೂಷ್ಟು ಬೆಳೆಯುತ್ತದೆ. ಈ ಔಷಧವಿರುವ ಸಿಲಿಕೋನನ್ನು ಮೀನಿನ ತೊಟ್ಟಿಗೆ ಬಳಸಬಾರದು. ಕಮೋಡಿನ ಬುಡಕ್ಕೆ ಹಾಕುವಾಗ ಹಿಂಬದಿಯಲ್ಲಿ ಎರಡು ಬೆರಳಷ್ಟು ಜಾಗ ಬಿಡುವ ಪ್ಲಂಬರರಿದ್ದಾರೆ, ನನಗೆ ಅದೇ ಸರಿ ಎನಿಸುತ್ತದೆ: ಕೆಳಗಿನ ಪೈಪಿನ ಜೋಡಣೆ ಸೋರಿದರೆ ನೀರು ಅಲ್ಲಿಂದ ಹೊರಗೆ ಕಾಣಿಸಿಕೊಳ್ಳುತ್ತದೆ, ಪೂರ್ತಿ ಮುಚ್ಚಿದ್ದರೆ ಕೆಳಮನೆಯವರ ಚಾವಣಿಯಲ್ಲಿ ಕಾಣಿಸಿಕೊಳ್ಳುತ್ತದೆ.