ನವಜಾತ ಶಿಶುವಿನ ಮೊದಲ ವಾರ: ಬಳ್ಳಾರಿ ಸೀಮೆಯಲ್ಲಿ ಮೈಕಾವು, ಹಾಲು, ಕಾಮಾಲೆ

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಭಾಗದಲ್ಲಿ ಬೇಸಿಗೆಯ ಹಗಲಿನ ತಾಪ 40 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಅಂಥ ದಿನಗಳಲ್ಲೂ ಕಿಟಕಿ ಮುಚ್ಚಿದ ಬಾಣಂತಿ ಕೋಣೆಯಲ್ಲಿ ಮಗುವಿಗೆ ಟೋಪಿ ಹಾಕಿ, ಎರಡು ಮೂರು ಬಟ್ಟೆ ಸುತ್ತಿ ಮಲಗಿಸುವುದುಂಟು. ಮೈ ಬಿಸಿಯಾದ ಮಗು ಬೆವರಿನಲ್ಲೂ ಉಸಿರಿನಲ್ಲೂ ನೀರು ಕಳೆದುಕೊಂಡು ಮಂಕಾಗುತ್ತದೆ, ಹಾಲು ಚೀಪುವುದು ಕಡಿಮೆಯಾಗುತ್ತದೆ. ಹೊಟ್ಟೆಗೆ ಹಾಲು ಸಾಲದಿದ್ದರೆ ಮಲ ಕರುಳಲ್ಲೇ ಉಳಿದು, ಅದರಲ್ಲಿನ ಬಿಲಿರುಬಿನ್ ಮತ್ತೆ ರಕ್ತಕ್ಕೆ ಸೇರಿ ಕಾಮಾಲೆ ಏರುತ್ತದೆ. ಆದ್ದರಿಂದ ದಾದಿ ಈ ಮೂರನ್ನೂ ಒಟ್ಟಿಗೇ ನೋಡಬೇಕು.

ಕಂಕುಳಲ್ಲಿ ಥರ್ಮಾಮೀಟರ್ ಇಟ್ಟಾಗ 36.5ರಿಂದ 37.5 ಡಿಗ್ರಿ ಇರುವುದು ಸಹಜ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಮಗುವಿಗೆ ಚಳಿಯಾಗುತ್ತಿದೆ ಎಂದರ್ಥ. ಆಗ ತಾಯಿಯ ಎದೆಗೆ ಮೈಗೆ ಮೈ ತಾಗಿಸಿ ಹೊದಿಸಬೇಕು. ಹುಟ್ಟಿದ 24 ಗಂಟೆಯೊಳಗೆ ಸ್ನಾನ ಮಾಡಿಸಬಾರದೆಂಬುದು ಬೇಸಿಗೆಗೂ ಅನ್ವಯಿಸುತ್ತದೆ.

ಒಂದು ಉದಾಹರಣೆ ನೋಡೋಣ. ಹುಟ್ಟಿದಾಗ 2,900 ಗ್ರಾಂ ಇದ್ದ ಮಗು ನಾಲ್ಕನೇ ದಿನ 2,580 ಗ್ರಾಂ ತೂಗುತ್ತದೆ. ಕಂಕುಳ ತಾಪ 38 ಡಿಗ್ರಿ. ಹಿಂದಿನ 24 ಗಂಟೆಯಲ್ಲಿ ಮೂತ್ರ ಮಾಡಿದ್ದು ಎರಡೇ ಸಲ. ಹಳದಿ ತೊಡೆಯವರೆಗೆ ಇಳಿದಿದೆ. ಕಳೆದ ತೂಕ 320 ಗ್ರಾಂ, ಅಂದರೆ ಶೇ. 11. ಶೇ. 10 ದಾಟಿದರೆ ಹಾಲು ಸಾಲುತ್ತಿಲ್ಲವೆಂದೇ ತಿಳಿಯಬೇಕು. ಈ ವಯಸ್ಸಿಗೆ ದಿನಕ್ಕೆ ಆರು ಸಲವಾದರೂ ಮೂತ್ರವಾಗಬೇಕು.

ಇಲ್ಲಿ ಸೆಕೆಯೇ ಕಾರಣವೆಂದು ಮಗುವನ್ನು ಮನೆಗೆ ಕಳಿಸಕೂಡದು. ಸೋಂಕಿನ ಜ್ವರವೂ ಹೀಗೆಯೇ ಕಾಣುತ್ತದೆ, ರಕ್ತಪರೀಕ್ಷೆಯಿಲ್ಲದೆ ಎರಡನ್ನೂ ಬೇರ್ಪಡಿಸಲಾಗದು. ಹೆಚ್ಚಿನ ಬಟ್ಟೆ ತೆಗೆದು ಗಾಳಿಯಾಡುವ ಕಡೆ ಮಲಗಿಸಿ, ನವಜಾತ ಶಿಶು ಘಟಕವಿರುವ ಆಸ್ಪತ್ರೆಗೆ ಸಾಗಿಸುವ ಏರ್ಪಾಟು ಮಾಡಬೇಕು. ಅಷ್ಟರಲ್ಲಿ ಮೊಲೆಯೂಡಿಸಬೇಕು. ಬಾಯಿ ಅಗಲವಾಗಿ ತೆರೆದು, ಗದ್ದ ಮೊಲೆಗೆ ತಾಗಿ, ನುಂಗುವ ಸದ್ದು ಕೇಳಿದರೆ ಹಿಡಿತ ಸರಿಯಿದೆ. ಚೀಪಲು ಶಕ್ತಿಯಿಲ್ಲದಿದ್ದರೂ ಎಚ್ಚರವಿದ್ದು ನುಂಗಬಲ್ಲ ಮಗುವಿಗೆ ತಾಯಿಯ ಹಾಲನ್ನೇ ಹಿಂಡಿ ಒಳಲೆಯಲ್ಲಿ ಕುಡಿಸಬೇಕು. ಸಕ್ಕರೆ ನೀರು ಬೇಡ, ಬರಿ ನೀರೂ ಬೇಡ.

ಕಾಮಾಲೆಯನ್ನು ಹಗಲ ಬೆಳಕಿನಲ್ಲಿ, ಬೆರಳಿನಿಂದ ಚರ್ಮ ಒತ್ತಿ ಬಿಟ್ಟು ನೋಡುತ್ತಾರೆ. ಹಳದಿ ಮುಖದಿಂದ ಪಾದದ ಕಡೆಗೆ ಇಳಿಯುತ್ತದೆ. ಕಪ್ಪು ಮೈಬಣ್ಣದ ಮಗುವಿನಲ್ಲಿ ಒಸಡನ್ನೂ ಕಣ್ಣಿನ ಬಿಳಿಯನ್ನೂ ನೋಡುವುದು ಲೇಸು. ಆದರೂ ಕಣ್ಣಂದಾಜು ಮೋಸ ಮಾಡುತ್ತದೆ. ರಕ್ತದ ಬಿಲಿರುಬಿನ್ ಅಳತೆಯನ್ನು ಮಗುವಿನ ವಯಸ್ಸಿನ ಗಂಟೆಗಳಿಗೆ ಹೋಲಿಸಿಯೇ ಫೋಟೊಥೆರಪಿ ನಿರ್ಧರಿಸುತ್ತಾರೆ. ಬೆಳಗಿನ ಬಿಸಿಲಿಗೆ ಹಿಡಿಯುವುದು ಇದಕ್ಕೆ ಬದಲಿಯಲ್ಲ. ಬಳ್ಳಾರಿಯ ಬಿಸಿಲಲ್ಲಿ ಅದು ಮೈಕಾವನ್ನೇ ಏರಿಸುತ್ತದೆ. ನುಸಿಗುಳಿಗೆಯೊಡನೆ ಇಟ್ಟಿದ್ದ ಬಟ್ಟೆಯನ್ನೂ ತೊಡಿಸಬಾರದು. ಜಿ6ಪಿಡಿ ಕೊರತೆಯ ಮಕ್ಕಳಲ್ಲಿ ಆ ಘಾಟು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ.

ಮೊದಲ 24 ಗಂಟೆಯಲ್ಲೇ ಕಾಣಿಸಿಕೊಂಡ ಹಳದಿ, ಅಂಗೈ ಅಂಗಾಲಿಗೆ ಇಳಿದ ಹಳದಿ, ಹಾಲು ಬಿಟ್ಟು ಮೈ ಜೋಲುವುದು, ಬೆನ್ನು ಬಿಲ್ಲಾಗುವುದು ಇವುಗಳಲ್ಲಿ ಯಾವುದೊಂದು ಕಂಡರೂ ಅದೇ ಗಂಟೆಯಲ್ಲಿ ಮಗುವನ್ನು ಸಾಗಿಸಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆಯರು 3 ಮತ್ತು 7ನೇ ದಿನ ಭೇಟಿ ಕೊಡುವ ಕ್ರಮವಿದೆ. ತೂಕವನ್ನೂ ಮೂತ್ರದ ಲೆಕ್ಕವನ್ನೂ ಮೂರನೇ ದಿನವೇ ಬರೆದಿಟ್ಟರೆ, ಮೇಲಿನ ಮಗುವಿನಂಥವು ಒಂದು ದಿನ ಮೊದಲೇ ಕಣ್ಣಿಗೆ ಬೀಳುತ್ತವೆ.