ಪಟ್ಟೆಗಾಗದದ ಕೋಷ್ಟಕಗಳೂ ಯಾಂತ್ರಿಕ ಅಕ್ಷರಗ್ರಹಣವೂ

ಕಳೆದ ಶತಮಾನದ ಉತ್ತರಾರ್ಧದ ಆರ್ಥಿಕ ಇತಿಹಾಸವನ್ನು ಅಭ್ಯಸಿಸುವವರು ಹಳೆಯ ಗಣಕಯಂತ್ರಗಳು ಮುದ್ರಿಸಿಕೊಟ್ಟ ಕೋಷ್ಟಕಗಳನ್ನು ಆಧಾರವಾಗಿ ಬಳಸಬೇಕಾದ ಸಂದರ್ಭಗಳುಂಟು. ಮೂಲದ ಕಾಂತಸುರುಳಿ ನಷ್ಟವಾಗಿ ಕಾಗದದ ಪ್ರತಿಯೊಂದೇ ಉಳಿದಿರುವಲ್ಲಿ, ಅದರ ಅಂಕಿಗಳನ್ನು ಅಕ್ಷರಗ್ರಹಣ ಯಂತ್ರದಿಂದ ಓದಿಸುವುದೇ ಮಾರ್ಗ. ಆದರೆ ಆ ಕಾಗದದ ಮೇಲೆ ಮನುಷ್ಯನ ಕಣ್ಣಿಗೆ ನೆರವಾಗಲೆಂದು ಹಾಕಿದ ತೆಳುಬಣ್ಣದ ಪಟ್ಟೆಗಳೇ ಯಂತ್ರದ ಓದಿಗೆ ಅಡ್ಡಿಯಾಗುತ್ತವೆ. ಈ ಅಡ್ಡಿಯ ಸ್ವರೂಪವನ್ನೂ ಅದರ ಪರಿಹಾರ ಬೆಳೆದುಬಂದ ಕ್ರಮವನ್ನೂ ಪ್ರಕೃತ ಲೇಖನದಲ್ಲಿ ಪರಿಶೀಲಿಸುತ್ತೇವೆ.

1959ರಲ್ಲಿ ಐ.ಬಿ.ಎಂ. ಸಂಸ್ಥೆಯು 1403 ಎಂಬ ಮುದ್ರಣಯಂತ್ರವನ್ನು ಹೊರತಂದಿತು. ಅದು ನಿಮಿಷಕ್ಕೆ 600 ಸಾಲುಗಳನ್ನು, ಒಂದೊಂದು ಸಾಲಿನಲ್ಲಿ 132 ಅಕ್ಷರಗಳವರೆಗೆ ಮುದ್ರಿಸಬಲ್ಲುದಾಗಿತ್ತು. ಅಷ್ಟು ಅಗಲದ ಸಾಲಿನಲ್ಲಿ ಎಡತುದಿಯ ಹೆಸರಿನಿಂದ ಬಲತುದಿಯ ಮೊತ್ತದವರೆಗೆ ಕಣ್ಣು ದಾರಿ ತಪ್ಪದೆ ಸಾಗುವುದು ಕಷ್ಟ. ಆದಕಾರಣ ಇಂಥ ಯಂತ್ರಗಳಿಗಾಗಿ ಬಿಳಿ ಮತ್ತು ತಿಳಿಹಸಿರು ಪಟ್ಟೆಗಳು ಒಂದಾದಮೇಲೊಂದು ಬರುವ ಮಡಿಕೆಯ ಕಾಗದ ಬಳಕೆಗೆ ಬಂದಿತು. ಸಾಮಾನ್ಯವಾಗಿ ಒಂದೊಂದು ಪಟ್ಟೆಯ ಎತ್ತರ ಅರ್ಧ ಅಂಗುಲ. ಅಂಗುಲಕ್ಕೆ ಆರು ಸಾಲುಗಳಂತೆ ಮುದ್ರಿಸಿದರೆ ಪ್ರತಿ ಪಟ್ಟೆಯಲ್ಲೂ ಮೂರು ಸಾಲುಗಳು ಕೂಡುತ್ತವೆ. ಈ ‘ಮೂರು’ ಎಂಬ ಸಂಖ್ಯೆಯನ್ನು ಓದುಗರು ನೆನಪಿನಲ್ಲಿಡಬೇಕು. ದೋಷವನ್ನು ಗುರುತಿಸುವಲ್ಲಿ ಅದು ಮುಂದೆ ನೆರವಾಗುತ್ತದೆ.

ಈ ಬಗೆಯ ಅಡ್ಡಿಗೆ ದೊರೆತ ಮೊದಲ ಪರಿಹಾರ ಗಣಿತದ್ದಲ್ಲ, ಬೆಳಕಿನದು. ಯಂತ್ರವು ಓದಬೇಕಾದ ನಮೂನೆಗಳ ಗೆರೆ ಮನೆಗಳನ್ನು ಯಂತ್ರದ ದೀಪಕ್ಕೆ ಕಾಣದಂಥ ಮಸಿಯಲ್ಲಿ ಮುದ್ರಿಸುವ ಪದ್ಧತಿ ಅದು. ಕೆಂಪು ಬೆಳಕಿನಲ್ಲಿ ಕೆಂಪು ಗೆರೆ ಬಿಳಿಯ ಕಾಗದದೊಡನೆ ಬೆರೆತುಹೋಗುತ್ತದೆ. ಕಪ್ಪು ಬರಹ ಮಾತ್ರ ಉಳಿಯುತ್ತದೆ. ಇದೇ ತತ್ತ್ವವನ್ನು ಹಸಿರು ಪಟ್ಟೆಗೂ ಅನ್ವಯಿಸಬಹುದು. ಕಾಗದವನ್ನು ವರ್ಣಚಿತ್ರವಾಗಿ ಸೆರೆಹಿಡಿದು, ಅದರ ಹಸಿರು ಅಂಶವನ್ನಷ್ಟೇ ಆರಿಸಿಕೊಂಡರೆ ಪಟ್ಟೆ ಬಹುಮಟ್ಟಿಗೆ ಮಾಯವಾಗುತ್ತದೆ. ಕೆಂಪು ಅಂಶವನ್ನು ಆರಿಸಿಕೊಂಡರೆ ಅದೇ ಪಟ್ಟೆ ಇನ್ನಷ್ಟು ಕಪ್ಪಾಗುತ್ತದೆ. ಮೂಲ ಕಾಗದ ಕೈಯಲ್ಲಿರುವವರಿಗೆ ಇದಕ್ಕಿಂತ ಸುಲಭವಾದ ಉಪಾಯವಿಲ್ಲ. ಆದರೆ ಕಪ್ಪು-ಬಿಳುಪಿನ ಮೈಕ್ರೋಫಿಲ್ಮ್ ಮಾತ್ರ ಉಳಿದಿರುವಲ್ಲಿ ಬಣ್ಣವು ಬರಿಯ ಬೂದಿಯಾಗಿದೆ. ಅಲ್ಲಿ ಗಣಿತವನ್ನೇ ಆಶ್ರಯಿಸಬೇಕು.

ಅಕ್ಷರಗ್ರಹಣಕ್ಕೆ ಮುನ್ನ ಚಿತ್ರದ ಪ್ರತಿ ಬಿಂದುವನ್ನೂ ‘ಮಸಿ’ ಅಥವಾ ‘ಕಾಗದ’ ಎಂದು ವಿಂಗಡಿಸುವುದು ರೂಢಿ. ಹೊಳಪಿನ ಅಂಕವು 0 ಆದರೆ ಕಡುಗಪ್ಪು, 255 ಆದರೆ ಅಚ್ಚಬಿಳಿ. ನಡುವೆ ಒಂದು ಗಡಿಯನ್ನು ಗೊತ್ತುಮಾಡಿ ಅದಕ್ಕಿಂತ ಕೆಳಗಿನದನ್ನೆಲ್ಲ ಮಸಿಯೆಂದು ಎಣಿಸುತ್ತಾರೆ. ಜಪಾನಿನ ನೊಬುಯುಕಿ ಓಟ್ಸು 1979ರಲ್ಲಿ ಈ ಗಡಿಯನ್ನು ಚಿತ್ರದಿಂದಲೇ ಕಂಡುಹಿಡಿಯುವ ವಿಧಾನವನ್ನು ಪ್ರಕಟಿಸಿದರು. ಬಿಂದುಗಳನ್ನು ಎರಡು ಗುಂಪಾಗಿ ಒಡೆದಾಗ ಗುಂಪುಗಳ ನಡುವಣ ಅಂತರ ಎಲ್ಲಿ ಅತ್ಯಧಿಕವೋ ಅಲ್ಲಿಯೇ ಗಡಿ. ಪುಟದಲ್ಲಿ ಇರುವುದು ಎರಡೇ ಬಗೆಯ ಬಿಂದುಗಳು ಎಂಬುದು ಇದರ ಹಿಂದಿನ ಗ್ರಹಿಕೆ. ಪಟ್ಟೆಗಾಗದದಲ್ಲಿ ನಾಲ್ಕು ಬಗೆಗಳಿವೆ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಬಿಳಿ ಪಟ್ಟೆಯ ಅಂಕ 240, ಹಸಿರಿನದು 200 ಇರಲಿ. ಎರಡೂ ಪುಟದ ಶೇಕಡಾ 45ರಂತೆ ಹರಡಿರಲಿ. ಮುದ್ರಣದ ರಿಬ್ಬನ್ ಸವೆದು ಮಸಿ ಬಹಳ ತೆಳುವಾಗಿದೆಯೆಂದು ಭಾವಿಸೋಣ. ಆಗ ಬಿಳಿಯ ಮೇಲಿನ ಅಕ್ಷರ 210, ಹಸಿರಿನ ಮೇಲಿನ ಅಕ್ಷರ 175 ಆಗಿ, ತಲಾ ಶೇಕಡಾ 5ರಷ್ಟು ಜಾಗವನ್ನು ಆಕ್ರಮಿಸಿರಲಿ. ಹಸಿರು ಹಿನ್ನೆಲೆಯು ಬಿಳಿಯ ಮೇಲಿನ ಅಕ್ಷರಕ್ಕಿಂತಲೂ ಕಪ್ಪಾಗಿದೆ ಎಂಬುದನ್ನು ಗಮನಿಸಬೇಕು. ಇಲ್ಲಿ ಯಾವ ಒಂದು ಗಡಿಯೂ ಸಾಲದು. ಓಟ್ಸು ವಿಧಾನದಂತೆ ಗಣಿಸಿದರೆ ಗಡಿಯು 210 ಮತ್ತು 240ರ ನಡುವೆ ಬೀಳುತ್ತದೆ. ಫಲವಾಗಿ ಬಿಳಿಯ ಮೇಲಿನ ಸಾಲುಗಳು ಉಳಿಯುತ್ತವೆ. ಹಸಿರು ಪಟ್ಟೆಗಳು ತಮ್ಮ ಅಕ್ಷರಗಳೊಡನೆ ಇಡಿಯಾಗಿ ಕಪ್ಪಾಗುತ್ತವೆ. ಮೂರು ಸಾಲು ಬಂದು, ಮೂರು ಸಾಲು ಲುಪ್ತವಾಗಿ, ಮತ್ತೆ ಮೂರು ಸಾಲು ಬರುವುದು ಈ ದೋಷದ ಖಚಿತ ಲಕ್ಷಣ.

ಗಡಿಯನ್ನು ಇಡೀ ಪುಟಕ್ಕೆ ಒಂದಾಗಿಡದೆ ಪ್ರತಿ ಬಿಂದುವಿನ ನೆರೆಯನ್ನು ನೋಡಿ ನಿರ್ಣಯಿಸುವುದು ಮುಂದಿನ ಹೆಜ್ಜೆಯಾಯಿತು. ವೇಯ್ನ್ ನಿಬ್ಲ್ಯಾಕ್ 1986ರಲ್ಲಿ ನೀಡಿದ ಸೂತ್ರವು ನೆರೆಯ ಸರಾಸರಿಯಿಂದ ಮಾನಕ ವಿಚಲನೆಯ ಒಂದು ಅಂಶವನ್ನು, ರೂಢಿಯಲ್ಲಿ 0.2 ಭಾಗವನ್ನು, ಕಳೆಯುತ್ತದೆ. ಪಟ್ಟೆಯ ಒಳಗೆ ಇದು ಸರಿಹೋಗುತ್ತದೆ, ಅಂಚಿನಲ್ಲಿ ತೊಡಕು. ಅರ್ಧ ಬಿಳಿ, ಅರ್ಧ ಹಸಿರು ಇರುವ ನೆರೆಯಲ್ಲಿ ಸರಾಸರಿ 220, ವಿಚಲನೆ 20, ಗಡಿ 216. ಆದ್ದರಿಂದ 200 ಅಂಕದ ಬರಿಯ ಹಸಿರೂ ಮಸಿಯೆನಿಸಿ, ಅಂಚಿನುದ್ದಕ್ಕೂ ಕಪ್ಪು ಗೆರೆ ಮೂಡುತ್ತದೆ. ಫಿನ್ಲೆಂಡಿನ ಸೌವೊಲ ಮತ್ತು ಪಿಯೆಟಿಕೈನೆನ್ 2000ದಲ್ಲಿ ಪ್ರಕಟಿಸಿದ ಸೂತ್ರವು, ವಿಚಲನೆ ಕಡಮೆಯಿರುವಲ್ಲಿ ಗಡಿಯನ್ನು ಬಹಳ ಕೆಳಕ್ಕೆ ಇಳಿಸಿ ಈ ಗೆರೆಯನ್ನು ನಿವಾರಿಸುತ್ತದೆ. ಆದರೆ ಅವರು ಸೂಚಿಸಿದ 0.5 ಗುಣಾಂಕವನ್ನೇ ಇಟ್ಟರೆ, ನಮ್ಮ ಉದಾಹರಣೆಯ ಹಸಿರು ಪಟ್ಟೆಯಲ್ಲಿ ಗಡಿಯು ಸುಮಾರು 105ಕ್ಕೆ ಇಳಿಯುತ್ತದೆ. 175ರ ತೆಳು ಅಕ್ಷರವು ಕಾಗದವೆಂದೇ ಪರಿಗಣಿತವಾಗುತ್ತದೆ. ಮಸಿ ಗಟ್ಟಿಯಾಗಿರುವ ಪುಟಕ್ಕೆ ಉಚಿತವಾದುದು ಸವೆದ ಪುಟಕ್ಕೆ ಉಚಿತವಲ್ಲ.

ಹೀಗಿರುವಾಗ ಹಿನ್ನೆಲೆಯನ್ನೇ ಮೊದಲು ಅಳೆದು ತೆಗೆದುಹಾಕುವುದು ಹೆಚ್ಚು ಸಮಂಜಸವೆಂದು ನಾವು ಭಾವಿಸುತ್ತೇವೆ. ತೆಳುಮಸಿಯು ತನ್ನಡಿಯ ಕಾಗದದ ಹೊಳಪನ್ನು ಒಂದೇ ಪ್ರಮಾಣದಲ್ಲಿ ಕುಗ್ಗಿಸುತ್ತದೆ. 210ನ್ನು 240ರಿಂದ ಭಾಗಿಸಿದರೂ, 175ನ್ನು 200ರಿಂದ ಭಾಗಿಸಿದರೂ ಬರುವುದು 0.875 ಮಾತ್ರ, ಬರಿಯ ಹಿನ್ನೆಲೆ ಎರಡೆಡೆಯೂ 1. ಅಂದಮೇಲೆ ಭಾಗಾಕಾರದ ಬಳಿಕ ನಾಲ್ಕು ಬಗೆಗಳು ಎರಡಾಗುತ್ತವೆ, 0.93ರ ಒಂದೇ ಗಡಿ ಇಡೀ ಪುಟಕ್ಕೆ ಸಾಕು.

ಹಿನ್ನೆಲೆಯನ್ನು ಅಳೆಯುವ ಬಗೆ ಹೀಗೆ: ಪ್ರತಿ ಬಿಂದುವಿಗೂ ಸುತ್ತಲಿನ ಚೌಕದೊಳಗಿನ ಅತ್ಯಧಿಕ ಅಂಕವನ್ನು ಕೊಡಬೇಕು, ಹೀಗೆ ದೊರೆತ ಚಿತ್ರದಲ್ಲಿ ಮತ್ತೆ ಅದೇ ಅಳತೆಯ ಚೌಕದ ಅತ್ಯಲ್ಪ ಅಂಕವನ್ನು ಕೊಡಬೇಕು. ಅಂಗುಲಕ್ಕೆ 300 ಬಿಂದುಗಳ ಚಿತ್ರದಲ್ಲಿ ಅಕ್ಷರದ ಗೆರೆಯ ದಪ್ಪ ಐದಾರು ಬಿಂದು, ಪಟ್ಟೆಯ ಎತ್ತರ 150 ಬಿಂದು. ಚೌಕದ ಬದಿಯು 15 ಬಿಂದುಗಳಾದರೆ ಗೆರೆಗಳೆಲ್ಲ ಮುಚ್ಚಿಹೋಗಿ ಪಟ್ಟೆಗಳು ತಮ್ಮ ಅಂಚಿನೊಡನೆ ಹಾಗೆಯೇ ಉಳಿಯುತ್ತವೆ. ಚೌಕವು ಗೆರೆಗಿಂತ ಕಿರಿದಾದರೆ ಅಕ್ಷರವೇ ಹಿನ್ನೆಲೆಯಾಗುತ್ತದೆ; ಪಟ್ಟೆಗಿಂತ ಹಿರಿದಾದರೆ ಪಟ್ಟೆಯೇ ಮಸಿಯಾಗುತ್ತದೆ.

ಈ ವಿಧಾನಕ್ಕೂ ಮಿತಿಗಳಿವೆ. ಮುದ್ರಿತ ವರದಿಗಳಲ್ಲಿ ಮನೆಗಳ ತೆಳುಬಣ್ಣವು ಅನೇಕವೇಳೆ ನಿಜವಾಗಿ ಸಣ್ಣ ಚುಕ್ಕೆಗಳ ಜಾಲ. ಚುಕ್ಕೆಗಳ ನಡುವಣ ಬಿಳಿಯೇ ಅತ್ಯಧಿಕ ಅಂಕವೆನಿಸಿ ಪ್ರತಿ ಚುಕ್ಕೆಯೂ ಮಸಿಯಾಗಿ ಉಳಿಯುತ್ತದೆ. ಆದ್ದರಿಂದ ಚಿತ್ರವನ್ನು ಮುಂಚಿತವಾಗಿ ಚುಕ್ಕೆಯ ಅಂತರದಷ್ಟು ಮಸುಕುಗೊಳಿಸಬೇಕು. ಕಡುಬಣ್ಣದ ಮೇಲೆ ಬಿಳಿ ಅಕ್ಷರವಿರುವ ಶೀರ್ಷಿಕೆಯ ಮನೆಗಳನ್ನು ಬೇರ್ಪಡಿಸಿ ತಿರುವುಮುರುವು ಮಾಡಬೇಕು.

ಗುರುತಿಸಿದ ಅಕ್ಷರಗಳು ಶುದ್ಧವಾಗಿವೆಯೆಂಬ ಕಾರಣದಿಂದ ಕೋಷ್ಟಕ ಪೂರ್ಣವಾಗಿದೆಯೆಂದು ನಂಬಲಾಗದು. ಲುಪ್ತವಾದ ಸಾಲು ತಪ್ಪನ್ನು ತೋರಿಸುವುದಿಲ್ಲ. ಆದುದರಿಂದ ಪುಟಪುಟಕ್ಕೂ ಸಾಲುಗಳನ್ನು ಎಣಿಸಿ, ಅಂಕಣವನ್ನು ಕೂಡಿ, ಮುದ್ರಿತ ಮೊತ್ತದೊಡನೆ ತಾಳೆನೋಡತಕ್ಕದ್ದು. ಮೊತ್ತ ಕೂಡದೆ, ಕಾಣೆಯಾದ ಸಾಲುಗಳು ಮೂರು ಮೂರಾಗಿ ಇದ್ದರೆ ದೋಷವು ಮೂಲ ದಾಖಲೆಯದಲ್ಲ, ಪಟ್ಟೆಯದು ಎಂದು ನಿಶ್ಚಯಿಸಬಹುದು.