ಆಫರ್ ಒಪ್ಪಿದವರು, ಕೆಲಸಕ್ಕೆ ಬಂದವರು: ನೇಮಕಾತಿಯ ಫನೆಲ್ ಚಾರ್ಟ್ ಕುರಿತ ಮಂಡಳಿ ಭಾಷಣದ ಒಂದು ಪರಿಶೀಲನೆ

ನೇಮಕಾತಿಯ ಫನೆಲ್ ಚಾರ್ಟ್ ಇಟ್ಟುಕೊಂಡು ನಿರ್ದೇಶಕ ಮಂಡಳಿಯ ಮುಂದೆ ನಿಲ್ಲುವ ಎಚ್.ಆರ್. ಮುಖ್ಯಸ್ಥರ ಭಾಷಣ ಸಾಮಾನ್ಯವಾಗಿ ಅರ್ಜಿಗಳಿಂದ ಶುರುವಾಗಿ ಸೇರ್ಪಡೆಯಲ್ಲಿ ಮುಗಿಯುತ್ತದೆ. ಈ ಹಾದಿಯಲ್ಲಿ ಹೆಚ್ಚು ತಪ್ಪಾಗಿ ಓದಲಾಗುವುದು ಕೊನೆಯ ಮೆಟ್ಟಿಲು ಎಂಬುದು ಈ ಲೇಖನದ ವಾದ.

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರ ಏಪ್ರಿಲ್–ಜೂನ್ ತ್ರೈಮಾಸಿಕದ ಲೆಕ್ಕ ಹೀಗಿದೆ ಎಂದು ಊಹಿಸೋಣ: 1,200 ಅರ್ಜಿ, 80 ಸಂದರ್ಶನ, 20 ಆಫರ್, ಒಪ್ಪಿದವರು 18, ಸೇರಿದವರು 11. ಪರದೆಯ ಮೇಲೆ ಅರ್ಜಿಗಳ ಪಟ್ಟಿಯನ್ನು 60 ಸೆಂ.ಮೀ. ಅಗಲ ಬರೆದರೆ ಒಪ್ಪಿದವರದ್ದು 9 ಮಿ.ಮೀ., ಸೇರಿದವರದ್ದು 5.5 ಮಿ.ಮೀ. ಕಣ್ಣು ಸಹಜವಾಗಿಯೇ ಮೇಲಿನ ದೊಡ್ಡ ಕುಸಿತಕ್ಕೆ ಹೋಗುತ್ತದೆ. ಅರ್ಜಿಗಳನ್ನು ಸೋಸುವುದು ಆ ಹಂತದ ಕೆಲಸವೇ ಆದ್ದರಿಂದ ಅಲ್ಲಿ ಹೇಳುವುದು ಹೆಚ್ಚೇನಿಲ್ಲ. ಭಾಷಣಕಾರರು ಅದನ್ನು ಒಂದೇ ವಾಕ್ಯದಲ್ಲಿ ದಾಟಿ, ಕೊನೆಯ ಎರಡು ಹಂತಗಳನ್ನು ಬೇರೆ ಚಿತ್ರದಲ್ಲಿ ದೊಡ್ಡದಾಗಿ ತೋರಿಸುವುದು ಲೇಸು.

ತೊಡಕಿರುವುದು ಮುಂದೆ. 18ರಲ್ಲಿ 11 ಎಂದರೆ ಶೇ. 61; ಹತ್ತರಲ್ಲಿ ನಾಲ್ವರು ಕೈಕೊಟ್ಟರು ಎಂದು ಮಂಡಳಿ ಅರ್ಥ ಮಾಡಿಕೊಳ್ಳುತ್ತದೆ. ಆದರೆ ಈ 11 ಮಂದಿ ಆ 18ರೊಳಗಿನವರೇ ಅಲ್ಲದಿರಬಹುದು. ಐ.ಟಿ. ವಲಯದಲ್ಲಿ 90 ದಿನಗಳ ನೋಟಿಸ್ ಪೀರಿಯಡ್ ಸಾಮಾನ್ಯ. ಹಾಗಾಗಿ ಜೂನ್‌ನೊಳಗೆ ಸೇರಿದವರು ಬಹುಪಾಲು ಜನವರಿ–ಮಾರ್ಚ್‌ನಲ್ಲಿ ಒಪ್ಪಿದವರು. ಆಗ ಒಪ್ಪಿದವರು 14 ಮಂದಿಯಾಗಿದ್ದು, ಈ 11 ಮಂದಿಯೂ ಅವರೇ ಆಗಿದ್ದರೆ ನಿಜವಾದ ಪ್ರಮಾಣ ಶೇ. 79. ನೇಮಕಾತಿ ಏರುತ್ತಿರುವಾಗ ತ್ರೈಮಾಸಿಕದ ಚಾರ್ಟ್ ಸೋರಿಕೆಯನ್ನು ಹಿಗ್ಗಿಸಿ ತೋರಿಸುತ್ತದೆ, ಇಳಿಯುತ್ತಿರುವಾಗ ಮುಚ್ಚಿಡುತ್ತದೆ. ಎರಡನೆಯದೇ ಹೆಚ್ಚು ಅಪಾಯಕಾರಿ, ಏಕೆಂದರೆ ಆಗ ಯಾರೂ ಪ್ರಶ್ನೆ ಕೇಳುವುದಿಲ್ಲ.

ಆದ್ದರಿಂದ ಭಾಷಣದ ಈ ಭಾಗ ಹೀಗಿರಬಹುದು: “ಮಾನ್ಯ ಅಧ್ಯಕ್ಷರೇ, ಸದಸ್ಯರೇ, ಈ ಎರಡು ಪಟ್ಟಿಗಳಲ್ಲಿರುವವರು ಒಂದೇ ಜನರಲ್ಲ. ಜನವರಿಯಿಂದ ಮಾರ್ಚ್‌ವರೆಗೆ ಒಪ್ಪಿದ 14 ಜನರನ್ನು ಮಾತ್ರ ಹಿಂಬಾಲಿಸಿ ನೋಡಿದ್ದೇವೆ. 11 ಮಂದಿ ಬಂದಿದ್ದಾರೆ, ಮೂವರು ಬರಲಿಲ್ಲ. ಈ ಮೂವರಲ್ಲಿ ಇಬ್ಬರಿಗೆ ಹಳೆಯ ಕಂಪನಿಯೇ ಸಂಬಳ ಏರಿಸಿತು, ಒಬ್ಬರು ನೋಟಿಸ್ ಅವಧಿಯಲ್ಲೇ ಇನ್ನೊಂದು ಆಫರ್ ಹಿಡಿದರು. ಏಪ್ರಿಲ್‌ನಿಂದ ಜೂನ್‌ವರೆಗೆ ಒಪ್ಪಿದ 18 ಮಂದಿ ಇನ್ನೂ ನೋಟಿಸ್‌ನಲ್ಲಿದ್ದಾರೆ. ಅವರನ್ನು ಬಂದವರಲ್ಲಾಗಲಿ ಬಿಟ್ಟವರಲ್ಲಾಗಲಿ ಸೇರಿಸಿಲ್ಲ.”

ಇಲ್ಲಿ ಕಾರಣ ಹೇಳಿರುವುದನ್ನು ಗಮನಿಸಬೇಕು. ಕಂಪನಿ ಬೇಡವೆಂದವರನ್ನೂ ತಾವಾಗಿ ಹಿಂದೆ ಸರಿದವರನ್ನೂ ಫನೆಲ್ ಒಂದೇ ಇಳಿತವಾಗಿ ತೋರಿಸುತ್ತದೆ. ಸಂದರ್ಶನದ ಹಂತದಲ್ಲಂತೂ ಇಬ್ಬರೂ ಬೆರೆತಿರುತ್ತಾರೆ. ಮೊದಲನೆಯವರು ಹೆಚ್ಚಿದ್ದರೆ ಅರ್ಜಿ ಸೋಸುವ ಕ್ರಮವನ್ನು ನೋಡಬೇಕು, ಎರಡನೆಯವರು ಹೆಚ್ಚಿದ್ದರೆ ಸುತ್ತುಗಳ ನಡುವೆ ಕಾಯಿಸಿದ ದಿನಗಳನ್ನು.

ಈ ವಿಧಾನಕ್ಕೂ ಮಿತಿಯಿದೆ. 14 ಜನರ ಗುಂಪಿನಲ್ಲಿ ಒಬ್ಬರು ಅತ್ತಿತ್ತಾದರೂ ಪ್ರಮಾಣ ಶೇ. 7ರಷ್ಟು ಬದಲಾಗುತ್ತದೆ. ಹಾಗಾಗಿ ಮುಂದಿನ ಸಭೆಯಲ್ಲಿ ಶೇ. 79 ಎನ್ನುವುದು 72ಕ್ಕೆ ಇಳಿದರೆ ಅದನ್ನು ಕುಸಿತವೆಂದು ಕರೆಯಲು ಆಧಾರವಿಲ್ಲ.